ಫುಲ್ ಟ್ಯಾಂಕಿನ ಲೆಕ್ಕ, ಕಿಲೋಮೀಟರಿನ ಖರ್ಚು

ಬದಿಯಡ್ಕ, 14 ಸೆಪ್ಟೆಂಬರ್ 2025, ಭಾನುವಾರ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಟ್ಟಿರುವ ಪುಸ್ತಕವನ್ನು ಇಂದು ಬೆಳಿಗ್ಗೆ ಬಿಲ್ಲುಗಳ ಜೊತೆ ಹೋಲಿಸಿ ಸರಿಪಡಿಸಿದೆ. ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗ ದಿನಾಂಕ, ಓಡೋಮೀಟರ್ ಅಂಕಿ, ಲೀಟರ್, ಕೊಟ್ಟ ಹಣ ಮತ್ತು ಟ್ಯಾಂಕ್ ಪೂರ್ತಿ ತುಂಬಿತೇ ಇಲ್ಲವೇ ಎಂಬುದನ್ನು ಬರೆಯುತ್ತೇನೆ. ಇವುಗಳಲ್ಲಿ ಕೊನೆಯದೇ ಎಲ್ಲಕ್ಕಿಂತ ಮುಖ್ಯವೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಎರಡು ಫುಲ್ ಟ್ಯಾಂಕ್‌ಗಳ ನಡುವೆ ಓಡಿದ ದೂರಕ್ಕೆ ಮಾತ್ರ ಎಷ್ಟು ಪೆಟ್ರೋಲ್ ಸುಟ್ಟಿತೆಂದು ಖಚಿತವಾಗಿ ಹೇಳಬಹುದು.

ಕಳೆದ ತಿಂಗಳಿನ ಲೆಕ್ಕವನ್ನೇ ನೋಡೋಣ. 48,210ರಲ್ಲಿ ಟ್ಯಾಂಕ್ ತುಂಬಿಸಿದ್ದೆ. ನಡುವೆ ಒಮ್ಮೆ 10 ಲೀಟರ್ ಮಾತ್ರ ಹಾಕಿಸಿ, 48,702ರಲ್ಲಿ ಮತ್ತೆ ಫುಲ್ ಮಾಡಿಸಿದಾಗ 18.6 ಲೀಟರ್ ಹಿಡಿಯಿತು. ಓಡಿದ್ದು 492 ಕಿಲೋಮೀಟರ್. ಅದಕ್ಕೆ ಖರ್ಚಾದದ್ದು ಎರಡೂ ಸಲದ ಮೊತ್ತವಾದ 28.6 ಲೀಟರ್, ಆದ್ದರಿಂದ ಮೈಲೇಜ್ 17.2. ನಡುವಿನ ಹತ್ತು ಲೀಟರನ್ನು ಕೈಬಿಟ್ಟು ಕೊನೆಯ ಬಿಲ್ಲನ್ನಷ್ಟೇ ಹಿಡಿದು ಭಾಗಿಸಿದರೆ 26 ದಾಟಿದ ಅಂಕಿ ಬರುತ್ತದೆ, ಅದಕ್ಕೆ ಯಾವ ಅರ್ಥವೂ ಇಲ್ಲ.

ಆಮೇಲಿನ ಎರಡು ಸಾಲುಗಳು ಇನ್ನೂ ಕುತೂಹಲಕಾರಿಯಾಗಿವೆ. ಮೊದಲನೆಯದರಲ್ಲಿ 181 ಕಿಲೋಮೀಟರಿಗೆ 12.6 ಲೀಟರ್, ಅಂದರೆ 14.4, ಅದರ ಮುಂದಿನದರಲ್ಲಿ 546 ಕಿಲೋಮೀಟರಿಗೆ 29.4 ಲೀಟರ್, ಅಂದರೆ 18.6. ಹೀಗೆ ಒಮ್ಮೆ ಕುಸಿದು ಮರುಸಲವೇ ಏರಿದರೆ ದೋಷವನ್ನು ಇಂಜಿನ್‌ನಲ್ಲಿ ಹುಡುಕುವ ಮೊದಲು ಟ್ಯಾಂಕ್ ತುಂಬಿದ ರೀತಿಯನ್ನು ನೋಡಬೇಕು. ನಾಝಲ್ ತಾನಾಗಿ ಕಟ್ ಆದ ಮೇಲೂ ರೂಪಾಯಿಯನ್ನು ಸರಿಹೊಂದಿಸಲು ಇನ್ನಷ್ಟು ಒತ್ತಿ ಹಾಕಿದರೆ, ಅಥವಾ ಕಾರು ಇಳಿಜಾರಿನಲ್ಲಿ ನಿಂತಿದ್ದರೆ, 'ಫುಲ್' ಎಂಬುದರ ಮಟ್ಟವೇ ಬದಲಾಗುತ್ತದೆ. ಅರ್ಧ ಲೀಟರಿನ ವ್ಯತ್ಯಾಸವು 12 ಲೀಟರಿನ ಲೆಕ್ಕವನ್ನು ನೂರಕ್ಕೆ ನಾಲ್ಕರಷ್ಟು ಕೆಡಿಸುತ್ತದೆ, 30 ಲೀಟರಿನದ್ದನ್ನು ಎರಡಕ್ಕಿಂತಲೂ ಕಡಿಮೆ. ಈ ಸಲ ಹೆಚ್ಚಾಗಿ ಹಿಡಿದದ್ದು ಮುಂದಿನ ಸಲ ಕಡಿಮೆ ಹಿಡಿಯುವುದರಿಂದ ಒಟ್ಟು ಮೊತ್ತದಲ್ಲಿ ತಪ್ಪು ತಾನಾಗಿ ಕರಗುತ್ತದೆ. ಹಾಗಾಗಿ ನಾನು ಮೂರು ಮೈಲೇಜ್‌ಗಳನ್ನು ಕೂಡಿ ಮೂರರಿಂದ ಭಾಗಿಸುವುದಿಲ್ಲ. ಹಾಗೆ ಮಾಡಿದರೆ 16.7 ಬರುತ್ತದೆ, ಚಿಕ್ಕ ಓಟಕ್ಕೂ ದೊಡ್ಡ ಓಟಕ್ಕೂ ಒಂದೇ ತೂಕ ಸಿಗುತ್ತದೆ. ಒಟ್ಟು 1,219 ಕಿಲೋಮೀಟರನ್ನು ಒಟ್ಟು 70.6 ಲೀಟರಿನಿಂದ ಭಾಗಿಸಿದರೆ ಸಿಗುವ 17.3ನ್ನೇ ನಂಬುತ್ತೇನೆ.

ಅಂಕಿ ಏರದೆ ಸಾಲುಸಾಲಾಗಿ ಇಳಿಯುತ್ತ ಹೋದರೆ ಮಾತು ಬೇರೆ. ಆಗ ಮೊದಲು ಟಯರಿನ ಗಾಳಿ ನೋಡಬೇಕು, ನಂತರ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ ನಾಲ್ಕೂ ಚಕ್ರಗಳ ಬಳಿ ಅಂಗೈ ಒಡ್ಡಬೇಕು. ಒಂದು ಚಕ್ರ ಅದರ ಜೋಡಿ ಚಕ್ರಕ್ಕಿಂತ ಬಹಳ ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿರುವ ಸಾಧ್ಯತೆ ಹೆಚ್ಚು. ಕರಾವಳಿಯ ಮಳೆಗಾಲ ಕಳೆದ ಮೇಲೆ ತುಕ್ಕಿನಿಂದ ಇದು ಆಗುವುದುಂಟು.

ಕಿಲೋಮೀಟರಿನ ಖರ್ಚಿಗೆ ಪೆಟ್ರೋಲ್ ಒಂದೇ ಸಾಲದು. ನಮ್ಮೂರ ಬಂಕಿನಲ್ಲಿ ಲೀಟರಿಗೆ ₹106.40 ಕೊಟ್ಟಿದ್ದೇನೆ, 17.3ರಿಂದ ಭಾಗಿಸಿದರೆ ₹6.15. ಆಯಿಲ್ ಬದಲಿಸಿ ಸರ್ವಿಸ್ ಮಾಡಿಸಲು 10,000 ಕಿಲೋಮೀಟರಿಗೊಮ್ಮೆ ₹4,800, ಅಂದರೆ 48 ಪೈಸೆ. ನಾಲ್ಕು ಟಯರಿಗೆ ₹18,000. 40,000 ಕಿಲೋಮೀಟರ್ ಬಾಳಿದರೆ 45 ಪೈಸೆ. ಒಟ್ಟು ₹7.08. ಇನ್ಶೂರೆನ್ಸನ್ನು ಬೇರೆ ಪುಟದಲ್ಲಿ ಬರೆಯುತ್ತೇನೆ, ಏಕೆಂದರೆ ಕಾರು ಶೆಡ್ಡಿನಲ್ಲೇ ನಿಂತರೂ ಆ ಹಣ ಹೋಗಿಯೇ ಹೋಗುತ್ತದೆ.

ಗಡಿಯಾಚೆ ಹೋಗಿ ಪೆಟ್ರೋಲ್ ಹಾಕಿಸಿದರೆ ಎಷ್ಟು ಉಳಿಯುತ್ತದೆಂದು ಅಣ್ಣ ಮೊನ್ನೆ ಕೇಳಿದ್ದರು. ಪೆಟ್ರೋಲ್ ಜಿಎಸ್‌ಟಿಯ ಹೊರಗಿರುವುದರಿಂದ ಪ್ರತಿ ರಾಜ್ಯದ ತೆರಿಗೆಯೂ ಬೇರೆ, ಕೇರಳದಲ್ಲಿ 2023ರ ಏಪ್ರಿಲ್‌ನಿಂದ ಲೀಟರಿಗೆ ಎರಡು ರೂಪಾಯಿಯ ಸೆಸ್ ಕೂಡ ಸೇರಿದೆ. ಕರ್ನಾಟಕದ ಬಂಕಿನ ನನ್ನ ಕೊನೆಯ ಬಿಲ್ಲಿನಲ್ಲಿ ದರ ₹102.20. ಮೂವತ್ತು ಲೀಟರಿಗೆ ಉಳಿಯುವುದು ₹126. ಅದನ್ನು ₹7.08ರಿಂದ ಭಾಗಿಸಿದರೆ ಸುಮಾರು 18 ಕಿಲೋಮೀಟರ್, ಅಂದರೆ ಹೋಗಲು ಒಂಬತ್ತು, ಬರಲು ಒಂಬತ್ತು. ಬದಿಯಡ್ಕದಿಂದ ಪೆರ್ಲ ದಾಟಿ ಗಡಿ ಸೇರುವುದಕ್ಕೆ ಅಷ್ಟು ದೂರ ಸಾಲುವುದಿಲ್ಲ, ಹಾಗಾಗಿ ಪೆಟ್ರೋಲಿಗೆಂದೇ ಹೊರಟರೆ ನಷ್ಟವೇ. ಮಂಗಳೂರಿನ ಕೆಲಸ ಮುಗಿಸಿ ಮರಳುವಾಗ ತಲಪಾಡಿಗೆ ಮೊದಲೇ ತುಂಬಿಸಿಕೊಂಡರೆ ಇಡೀ ₹126 ಉಳಿಯುತ್ತದೆ. ಮಂಜೇಶ್ವರದಲ್ಲಿರುವ ಅಣ್ಣನಿಗೆ ಗಡಿ ಹತ್ತಿರವೇ ಇರುವುದರಿಂದ ಅವರಿಗೆ ಬರಿಯ ಪೆಟ್ರೋಲಿಗಾಗಿ ಹೋದರೂ ಲಾಭವಿದೆ ಎಂದು ಇಂದು ಫೋನಿನಲ್ಲಿ ತಿಳಿಸಿದೆ.