ಮೂರನೇ ಶನಿವಾರ: ತಟ್ಟೆ ಇಡ್ಲಿ ಕೊನೆಗೂ ಸರಿಯಾಗಿ ಮೂರು ಪಾಲಾಯಿತು

ಶನಿವಾರ ಶನಿವಾರ ಮೂವರು ಮಕ್ಕಳಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದೇನೆ. ಅರ್ಧ, ಕಾಲು, ಅರೆಕಾಲು ಮೊದಲ ಎರಡು ವಾರದಲ್ಲೇ ಮುಗಿದವು. ಮಡಚು, ಮತ್ತೆ ಮಡಚು, ಅಷ್ಟೇ. ಪ್ರಾಣ ಹಿಂಡಿದ್ದು ಮೂರನೇ ಒಂದು. ಕಾಗದವನ್ನು ಮೂರು ಸಲ ಮಡಚಿದರೆ ಎಂಟು ಮನೆ ಬರುತ್ತದೆ! ಕಾಲು, ಅರ್ಧದ ಹಾಗೆ ಇದಕ್ಕೆ ಬಾಯಲ್ಲಿ ಓಡಾಡುವ ಹೆಸರೂ ಇಲ್ಲ. ಎದುರುಮನೆ ಹುಡುಗಿ ‘ಮೂರರಲ್ಲಿ ಒಂದು ಅಂದ್ರೆ ಮುಕ್ಕಾಲು ಅಲ್ವಾ ಆಂಟಿ?’ ಅಂದಳು. ಮುಕ್ಕಾಲಿನಲ್ಲಿ ಮೂರು ಇದೆ, ನಿಜ. ಆದರೆ ಅದು ಮೂರು ಕಾಲು.

ಹೋದ ವಾರ ಕ್ಯಾತ್ಸಂದ್ರದಿಂದ ಎರಡು ತಟ್ಟೆ ಇಡ್ಲಿ ತಂದು ಮೂವರ ಮುಂದಿಟ್ಟೆ. ಒಬ್ಬ ಎರಡು ನೇರ ಗೆರೆ ಕೊಯ್ದು ಮೂರು ಪಟ್ಟಿ ಮಾಡಿದ. ಮೂರರ ಅಗಲವೂ ಒಂದೇ. ಆದರೂ ಎಲ್ಲರ ಕೈ ನಡುವಿನ ಪಟ್ಟಿಗೇ ಹೋಯಿತು. ರಾತ್ರಿ ಲೆಕ್ಕ ಹಾಕಿದೆ: ಇಡ್ಲಿ 100 ಅಂದರೆ ನಡುವಿನದು ಸುಮಾರು 42, ಅಂಚಿನವು ತಲಾ 29. ಮಕ್ಕಳ ಹೊಟ್ಟೆಗೆ ಇದು ಮೊದಲೇ ಗೊತ್ತಿತ್ತು.

ಕಾಗದದಲ್ಲಿ ಅಚ್ಚು ಮಾಡೋಣ ಅಂತ ಹೊರಟೆ. ಅಂಗಡಿಯವರು ಚೌಕ ಅಂತ ಕೊಟ್ಟ ಬಣ್ಣದ ಹಾಳೆ ಒಂದು ಕಡೆ ಎರಡು ಮಿಲಿಮೀಟರ್ ಜಾಸ್ತಿ! ಕೊನೆಗೆ ಇಡ್ಲಿ ತಟ್ಟೆಯನ್ನೇ ಹಳೇ ಕ್ಯಾಲೆಂಡರಿನ ಮೇಲಿಟ್ಟು ಸುತ್ತ ಗೆರೆ ಎಳೆದು ಕತ್ತರಿಸಿದೆ.

ದಾರಿ ಸಿಕ್ಕಿದ್ದು ಇಲ್ಲಿ. ವೃತ್ತವನ್ನು ಎರಡು ಸಲ ಅರ್ಧಕ್ಕೆ ಮಡಚಿ ಬಿಡಿಸಿದರೆ ನಡುವೆ ಗೆರೆಗಳು ಸೇರುತ್ತವೆ, ಅದೇ ಕೇಂದ್ರ. ಈಗ ಒಂದು ಗೆರೆಯ ತುದಿಯನ್ನು ಹಿಡಿದು ಸರಿಯಾಗಿ ಕೇಂದ್ರಕ್ಕೆ ತಾಗಿಸಿ ಮಡಚಿ. ಹೊಸ ಮಡಿಕೆ ಅಂಚನ್ನು ಮುಟ್ಟುವ ಎರಡು ಜಾಗಕ್ಕೆ ಚುಕ್ಕೆ ಇಡಿ. ಅದೇ ಗೆರೆಯ ಆಚೆ ತುದಿಗೆ ಮೂರನೇ ಚುಕ್ಕೆ. ಮೂರರಿಂದಲೂ ಕೇಂದ್ರಕ್ಕೆ ಗೆರೆ ಎಳೆದರೆ ಮೂರು ಸಮ ಪಾಲು. ಕೋನಮಾಪಕ ಬೇಡವೇ ಬೇಡ. ಮಡಿಕೆ ಕೇಂದ್ರದಿಂದ ಅರ್ಧ ತ್ರಿಜ್ಯದಷ್ಟೇ ದೂರದಲ್ಲಿ ಬೀಳುವುದರಿಂದ 120 ಡಿಗ್ರಿ ತಾನಾಗಿ ಬರುತ್ತದೆ. ಪರೀಕ್ಷೆಗೆ ಒಂದು ಪಾಲನ್ನು ಕತ್ತರಿಸಿ ಉಳಿದೆರಡರ ಮೇಲೆ ಇಟ್ಟು ನೋಡಿ. ಕೇಂದ್ರ ಸ್ವಲ್ಪ ತಪ್ಪಿದ್ದರೂ ಅಲ್ಲೇ ಸಿಕ್ಕಿಬೀಳುತ್ತದೆ.

ಇವತ್ತು ಅಚ್ಚನ್ನು ಇಡ್ಲಿ ಮೇಲಿಟ್ಟು ಕೊಯ್ದೆವು. ಒಂದು ಎಚ್ಚರ: ಬಿಸಿ ಇಡ್ಲಿ ಚಾಕುವಿಗೆ ಮೆತ್ತಿಕೊಂಡು ಪುಡಿಯಾಗುತ್ತದೆ, ಆರಲಿ. ಎರಡು ಇಡ್ಲಿ, ತಲಾ ಮೂರು ತುಂಡು, ಒಬ್ಬರಿಗೆ ಎರಡೆರಡು. ಎದುರುಮನೆ ಹುಡುಗಿ ಒಪ್ಪಲಿಲ್ಲ. ‘ನಾನಾದ್ರೆ ಎಲ್ರಿಗೂ ಅರ್ಧ ಕೊಟ್ಟು, ಉಳಿದ ಅರ್ಧನ ಮೂರು ಮಾಡ್ತಿದ್ದೆ.’ ಅವಳಿಗೆ ಜಾಸ್ತಿ ಬರುತ್ತೆ ಅಂತ ಹುಡುಗರ ಗಲಾಟೆ. ಅಚ್ಚಿನ ಒಂದೊಂದು ಪಾಲನ್ನೂ ಮತ್ತೆ ಅರ್ಧಕ್ಕೆ ಮಡಚಿ ಆರು ಮನೆ ಮಾಡಿದೆವು. ಅವಳ ಅರ್ಧ ಮೂರು ಮನೆ, ಚೂರು ಒಂದು ಮನೆ. ಹುಡುಗರದ್ದು ಎರಡು ಮನೆಯ ಎರಡು ತುಂಡು. ಎರಡು ಕಡೆಯೂ ನಾಲ್ಕೇ.

ಮುಂದೆ ಕಡಲೆಬೀಜದ ಚಿಕ್ಕಿ, ಐದು ಪಾಲು. ಚಿಕ್ಕಿ ಉದ್ದದ ಕಾಗದದ ಪಟ್ಟಿಯನ್ನು ಗೆರೆ ಹಾಳೆಯ ಮೇಲೆ ಓರೆಯಾಗಿ, ಎರಡು ತುದಿ ಆರು ಗೆರೆಗಳ ಮೊದಲನೆಯದಕ್ಕೂ ಕೊನೆಯದಕ್ಕೂ ತಾಗುವ ಹಾಗೆ ಇಟ್ಟರೆ ನಡುವಿನ ಗೆರೆಗಳೇ ಐದು ಸಮ ಪಾಲು ತೋರಿಸುತ್ತವೆ. ಪಟ್ಟಿ ಉದ್ದವಾದರೆ ಓರೆ ಹೆಚ್ಚಿಸಿ. ಚಿಕ್ಕಿ ಗೆರೆಯ ಮೇಲೇ ಒಡೆಯುತ್ತದಾ ಅನ್ನೋದು ಮಾತ್ರ ಅನುಮಾನ.