ಬೆಳ್ಳಂದೂರಿನ ನೀರು, ತುಮಕೂರು ರಸ್ತೆಯ ಗುಂಯ್ ಸದ್ದು

ಸೆಪ್ಟೆಂಬರ್ 5, 2022, ಸೋಮವಾರ

ರಾತ್ರಿಯಿಡೀ ಸುರಿದ ಮಳೆಗೆ ಬೆಳ್ಳಂದೂರಿನ ಹತ್ತಿರ ಔಟರ್ ರಿಂಗ್ ರೋಡ್ ಕೆರೆಯೇ ಆಗಿಹೋಗಿತ್ತು. ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗುತ್ತಿದ್ದರು. ನಾನು ಹನ್ನೊಂದು ವರ್ಷದ ನನ್ನ ಹಳೇ ಹ್ಯಾಚ್‌ಬ್ಯಾಕ್ ತಗೊಂಡು ಹೊರಟಿದ್ದೇ ತಪ್ಪು. ಮುಂದಿನ ಬಸ್ಸು ನಿಂತಿತು, ಹಿಂದೆ ಲಾರಿ ಬಂತು. ಸುಮಾರು ಇಪ್ಪತ್ತು ನಿಮಿಷ ನೀರಲ್ಲೇ ನಿಂತೆ.

ಸಂಜೆ ಮನೆಯಲ್ಲಿ ಟೇಪ್ ಹಿಡಿದು ನೋಡಿದೆ. ನೆಲದಿಂದ ಚಕ್ರದ ನಡುಮಧ್ಯಕ್ಕೆ 27 ಸೆಂ.ಮೀ. ಎಡಗಡೆ ಬಾಗಿಲಿನ ಮೇಲೆ ಕೆಸರಿನ ಗೆರೆ ಅದಕ್ಕಿಂತ ಮೇಲಿದೆ, ಬಲಗಡೆ ಸ್ವಲ್ಪ ಕೆಳಗಿದೆ. ರಸ್ತೆ ಎಡಕ್ಕೆ, ಮೋರಿ ಕಡೆಗೆ, ಇಳಿಜಾರಾಗಿರುತ್ತೆ ಅಲ್ವಾ. ಅಂದರೆ ಎಡಗಡೆ ಚಕ್ರಗಳ ನಡುವಿನ ಹಬ್‌ಗಳು ಪೂರ್ತಿ ಮುಳುಗಿದ್ದವು.

ನೀರಿನಿಂದ ಹೊರಬಂದ ಮೇಲೆ ಮೊದಲ ಸಲ ಬ್ರೇಕ್ ಒತ್ತಿದಾಗ ಎದೆ ಝಲ್ ಎಂದಿತು. ಪೆಡಲ್ ಎಂದಿನಂತೆ ಗಟ್ಟಿಯಾಗೇ ಇತ್ತು, ಗಾಡಿ ಮಾತ್ರ ನಿಧಾನ ಆಗಲಿಲ್ಲ. ಒದ್ದೆ ಪ್ಯಾಡು, ಒದ್ದೆ ಡಿಸ್ಕು. ಇಪ್ಪತ್ತರ ವೇಗದಲ್ಲಿ ಹೋಗುತ್ತಾ, ಪೆಡಲ್ ಮೇಲೆ ಕಾಲನ್ನು ಹಗುರವಾಗಿ ಇಟ್ಟುಕೊಂಡೆ. ಬಿಸಿಗೆ ನೀರು ಆರಿ, ಮುನ್ನೂರು ಮೀಟರ್ ಹೋಗುವಷ್ಟರಲ್ಲಿ ಹಿಡಿತ ವಾಪಸ್ ಬಂತು.

ಸೆಪ್ಟೆಂಬರ್ 6

ಬೆಳಿಗ್ಗೆ ಗಾಡಿ ಅಲ್ಲಾಡಲಿಲ್ಲ. ನಿನ್ನೆ ಅಭ್ಯಾಸಬಲದಿಂದ ಹ್ಯಾಂಡ್‌ಬ್ರೇಕ್ ಎಳೆದಿಟ್ಟಿದ್ದೆ. ಹಿಂದಿನ ಬ್ರೇಕ್ ಡ್ರಮ್ ಒಳಗೆ ಒದ್ದೆ ಬ್ರೇಕ್ ಶೂ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿದು ಅಂಟಿಕೊಂಡಿದೆ. ಮೊದಲ ಗೇರು, ರಿವರ್ಸು ಅಂತ ಮೆಲ್ಲಗೆ ಹಿಂದೆಮುಂದೆ ಆಡಿಸಿದೆ. ಬಲಗಡೆಯದು 'ಠಕ್' ಅಂತ ಬಿಟ್ಟಿತು, ಎಡಗಡೆಯದು ಬಿಡಲಿಲ್ಲ. ಜಾಸ್ತಿ ಆಕ್ಸಿಲರೇಟರ್ ಕೊಟ್ಟರೆ ಶೂ ಮೇಲಿನ ಲೈನಿಂಗ್ ಕಿತ್ತು ಬರಬಹುದು. ಅದಕ್ಕೆ ಚಕ್ರ ಬಿಚ್ಚಿ, ಡ್ರಮ್ ಸುತ್ತ ಮರದ ತುಂಡಿಟ್ಟು ತಟ್ಟಿದ ಮೇಲೆ ಬಿಟ್ಟಿತು. ನೀರಲ್ಲಿ ಓಡಿಸಿದ ದಿನ ಗಾಡಿಯನ್ನು ಗೇರಲ್ಲಿ ನಿಲ್ಲಿಸಿ, ಚಕ್ರಕ್ಕೆ ಒಂದು ಕಲ್ಲು ಕೊಡುವುದೇ ಸರಿ.

ಡಿಸ್ಕ್ ಮೇಲಿನ ಕೇಸರಿ ಬಣ್ಣದ ತುಕ್ಕು ನೋಡಿ ಹೆದರುವಂಥದ್ದೇನಿಲ್ಲ, ನಾಲ್ಕು ಸಲ ಬ್ರೇಕ್ ಹಿಡಿದರೆ ಉಜ್ಜಿಹೋಗುತ್ತೆ.

ಸೆಪ್ಟೆಂಬರ್ 10, ಶನಿವಾರ

ನಾಲ್ಕೂ ಚಕ್ರ ಬಿಚ್ಚಿದೆ. ಡ್ರಮ್‌ನಿಂದ ಫಿಲ್ಟರ್ ಕಾಫಿಯ ಗಸಿಯಂಥ ಮರಳುಮಣ್ಣು ಒಂದು ಹಿಡಿ ಬಂತು. ಡಿಸ್ಕಿನ ನೀರು ಸಿಡಿದುಹೋಗುತ್ತೆ, ಡ್ರಮ್ ಒಳಗೆ ಹೊಕ್ಕ ಮಣ್ಣು ಅಲ್ಲೇ ಕೂತು ಲೈನಿಂಗನ್ನೂ ಡ್ರಮ್ಮನ್ನೂ ಅರೆಯುತ್ತಿರುತ್ತೆ. ಬ್ರೇಕ್ ಕ್ಲೀನರ್ ಹಾಕಿ ತೊಳೆದೆ, ಶೂಗಳಿಗೆ ಸ್ಯಾಂಡ್‌ಪೇಪರ್ ಆಡಿಸಿದೆ. ಪ್ಯಾಡು ಒತ್ತುವ ಮುಂದಿನ ಕ್ಯಾಲಿಪರ್‌ಗಳ ಪಿನ್ನುಗಳು ಬೆರಳಲ್ಲಿ ತಳ್ಳಿದರೆ ಜಾರುತ್ತಿವೆ, ಸದ್ಯ ಬಚಾವ್.

ಎಡ ಮುಂದಿನ ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಉಬ್ಬು. ನೀರಡಿಯ ಯಾವುದೋ ಗುಂಡಿಯ ಅಂಚು ರಿಮ್ಮಿಗೂ ಟೈರಿಗೂ ಮಧ್ಯೆ ಸೈಡ್‌ವಾಲನ್ನು ಜಜ್ಜಿ, ಒಳಗಿನ ದಾರಗಳನ್ನು ಕತ್ತರಿಸಿದೆ. ಇದಕ್ಕೆ ರಿಪೇರಿ ಇಲ್ಲ. ಸ್ಟೆಪ್ನಿ ಹಾಕಿದೆ, ಹೊಸ ಟೈರಿಗೆ ಹೇಳಿದೆ. ರಿಮ್ಮಿನ ಒಳಬದಿಗೆ ಮೆತ್ತಿ ಒಣಗಿದ್ದ ಕೆಸರನ್ನೂ ಕೆರೆದು ತೆಗೆದೆ. ಅದನ್ನು ಬಿಟ್ಟರೆ ಚಕ್ರದ ಬ್ಯಾಲೆನ್ಸ್ ತಪ್ಪಿ, ವೇಗದಲ್ಲಿ ಸ್ಟೀರಿಂಗ್ ನಡುಗುತ್ತೆ. ಸುಮ್ನೆ ಅಲೈನ್‌ಮೆಂಟಿಗೆ ದುಡ್ಡು ಸುರಿಯಬೇಕಾಗುತ್ತೆ.

ಚಕ್ರ ಸಲೀಸಾಗಿ ತಿರುಗುವಂತೆ ಎರಡು ಬಳೆಗಳ ನಡುವೆ ಗುಂಡುಗಳಿರುವ ಬೇರಿಂಗ್ ನೋಡಿದೆ. ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದೆ. ಸಡಿಲದ ಆಟ ಇಲ್ಲ, ಸದ್ದೂ ಇಲ್ಲ. ಸದ್ಯ, ಬಚಾವಾದೆ ಅಂದುಕೊಂಡೆ.

ಅಕ್ಟೋಬರ್ 1

ಹಬ್ಬಕ್ಕೆ ಊರಿಗೆ ಹೊರಟೆವು. ನೆಲಮಂಗಲ ದಾಟಿದ ಮೇಲೆ, ಐವತ್ತು ಮುಟ್ಟುತ್ತಿದ್ದಂತೆ ಗುಂಯ್ ಅನ್ನುವ ಸದ್ದು. ವೇಗ ಏರಿದರೆ ಏರುತ್ತೆ, ಇಳಿದರೆ ಇಳಿಯುತ್ತೆ. ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿದರೂ ಹೋಗಲ್ಲ, ಹಾಗಾಗಿ ಎಂಜಿನ್ನಿನದಲ್ಲ. ಅಪ್ಪ ಹಿಂದಿನ ಸೀಟಿನಿಂದ, "ಏನೋ ಇದು, ವಿಮಾನ ಹತ್ತಿದಂಗಿದೆ" ಅಂದರು.

ನನ್ನ ಅನುಮಾನ ಹೊಸ ಟೈರಿನ ಮೇಲೆ. ತುಮಕೂರಲ್ಲಿ ಮುಂದಿನವನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿದೆ. ಟೈರಿನದಾಗಿದ್ದರೆ ಸದ್ದೂ ಹಿಂದಕ್ಕೆ ಹೋಗಬೇಕಿತ್ತು. ಹೋಗಲಿಲ್ಲ.

ಅಕ್ಟೋಬರ್ 2

ಖಾಲಿ ರಸ್ತೆಯಲ್ಲಿ ಸ್ಟೀರಿಂಗನ್ನು ಮೆಲ್ಲಗೆ ಎರಡೂ ಕಡೆ ವಾಲಿಸಿದೆ. ಬಲಕ್ಕೆ ತಿರುಗಿಸಿದರೆ ಗುಂಯ್ ಜೋರು, ಎಡಕ್ಕೆ ತಿರುಗಿಸಿದರೆ ಹೆಚ್ಚುಕಡಿಮೆ ಮಾಯ. ಬಲಕ್ಕೆ ತಿರುಗುವಾಗ ಗಾಡಿಯ ಭಾರ ಎಡ ಚಕ್ರದ ಮೇಲೆ ಬೀಳುತ್ತೆ. ಹಾಗಾಗಿ ಕೆಟ್ಟಿರುವುದು ಎಡಗಡೆಯದು, ನೀರಲ್ಲಿ ಪೂರ್ತಿ ಮುಳುಗಿದ್ದ ಕಡೆಯದೇ.

ಖಾತ್ರಿಗೆ ಮುಂದಿನ ಎಡ ಚಕ್ರ ಎತ್ತಿ, ಸಸ್ಪೆನ್ಷನ್ ಸ್ಪ್ರಿಂಗ್ ಮೇಲೆ ಬೆರಳಿಟ್ಟು ಕೈಯಲ್ಲಿ ಚಕ್ರ ತಿರುಗಿಸಿದೆ. ಕಿವಿಗೆ ಏನೂ ಕೇಳಿಸಲಿಲ್ಲ. ಬೆರಳಿಗೆ ಮಾತ್ರ, ಬೀಸುಕಲ್ಲಿನ ಮೇಲೆ ಕೈಯಿಟ್ಟ ಹಾಗೆ, ಸಣ್ಣ ಗರಗರ. ಅಲ್ಲಾಡಿಸಿದರೆ ಇವತ್ತೂ ಆಟ ಇಲ್ಲ. ಆಟ ಬರುವುದು ಕೊನೆಗೆ, ಗರಗರ ಮೊದಲು. ಸೆಪ್ಟೆಂಬರಿನಲ್ಲಿ ನಾನು ಮಾಡಿದ್ದು ಅರ್ಧ ಪರೀಕ್ಷೆ ಅಷ್ಟೇ.

ಅಕ್ಟೋಬರ್ 8, ಶನಿವಾರ

ನಮ್ಮ ಬಡಾವಣೆಯ ಮೆಕಾನಿಕ್ ಸದ್ದು ಕೇಳಿ ಒಂದೇ ಪ್ರಶ್ನೆ ಕೇಳಿದ: "ಸಾರ್, ನೀರಲ್ಲಿ ಓಡ್ಸಿದ್ರಾ, ನಿಲ್ಸಿದ್ರಾ?"

ವಿಷಯ ಇರುವುದು ಅಲ್ಲೇ. ಓಡುವಾಗ, ಬ್ರೇಕ್ ಹಿಡಿಯುವಾಗ ಹಬ್ ಬಿಸಿಯಾಗಿರುತ್ತೆ. ಬಿಸಿ ಹಬ್ ತಣ್ಣನೆ ನೀರಲ್ಲಿ ನಿಂತರೆ ಬೇರಿಂಗ್ ಒಳಗಿನ ಗಾಳಿ ಕುಗ್ಗಿ, ಹೊರಗಿನ ನೀರನ್ನು ಸೀಲಿನ ಅಂಚಿನಿಂದ ಒಳಕ್ಕೆ ಎಳೆಯುತ್ತೆ. ಆ ರಬ್ಬರ್ ಸೀಲು ಇರುವುದು ಸಿಡಿಯುವ ನೀರನ್ನೂ ದೂಳನ್ನೂ ತಡೆಯುವುದಕ್ಕೆ, ಮುಳುಗಿ ಕೂರುವುದಕ್ಕಲ್ಲ. ಹನ್ನೊಂದು ವರ್ಷ ಸವೆದ ಸೀಲಾದರೆ ಇನ್ನೂ ಸುಲಭ. ಒಳಗೆ ಹೋದ ನೀರು ಆಚೆ ಬರಲ್ಲ, ಗ್ರೀಸಿನ ಜೊತೆ ಕಲೆಸಿಹೋಗುತ್ತೆ. ಅದಕ್ಕೇ ಸದ್ದು ಅವತ್ತೇ ಬರದೆ ನಾಲ್ಕು ವಾರ ಬಿಟ್ಟು ಬಂತು.

ನನ್ನ ಗಾಡಿಯಲ್ಲಿ ಮುಂದಿನ ಬೇರಿಂಗ್, ಚಕ್ರವನ್ನು ಹಿಡಿದಿರುವ ಸ್ಟೀರಿಂಗ್ ನಕಲ್ ಅನ್ನುವ ಲೋಹದ ಭಾಗದ ಒಳಗೆ ಪ್ರೆಸ್ ಆಗಿ ಕೂತಿರುತ್ತೆ. ನಕಲ್ ಬಿಚ್ಚಿಕೊಂಡು ಹೈಡ್ರಾಲಿಕ್ ಪ್ರೆಸ್ ಇರುವ ಅಂಗಡಿಗೇ ಹೋದೆವು. ಸುತ್ತಿಗೆಯಲ್ಲಿ ಬಡಿದು ಕೂರಿಸುವವರೂ ಇದ್ದಾರೆ, ನಾನು ಒಪ್ಪಲಿಲ್ಲ. ಹೊಸದನ್ನು ನಕಲ್ ಒಳಗೆ ಒತ್ತುವಾಗ ಒತ್ತಡ ಹೊರಬಳೆಯ ಮೇಲೇ ಬೀಳಬೇಕು. ಒಳಬಳೆಯ ಮೇಲೆ ಒತ್ತಿದರೆ ಗುಂಡುಗಳು ಬಳೆಯ ಮೇಲೆ ಅಚ್ಚೊತ್ತಿ, ಹೊಸ ಬೇರಿಂಗೂ ಮೊದಲ ದಿನದಿಂದಲೇ ಗುಂಯ್ ಅನ್ನುತ್ತೆ. ಹಬ್ ನಟ್ಟೂ ಹೊಸದೇ. ಟಾರ್ಕ್ ರೆಂಚಿನಲ್ಲಿ ಮ್ಯಾನ್ಯುಯಲ್ ಹೇಳಿದಷ್ಟು ಬಿಗಿದು, ನಟ್ಟಿನ ಅಂಚನ್ನು ಆಕ್ಸಲ್ಲಿನ ಕಚ್ಚಿಗೆ ತಟ್ಟಿ ಕೂರಿಸಿದ. ಅದು ಮುಗಿಯುವ ತನಕ ಜಾಕ್ ಇಳಿಸಲಿಲ್ಲ.

ಹಳೇ ಬೇರಿಂಗನ್ನು ಮನೆಗೆ ತಂದು ಬಿಡಿಸಿದೆ. ಗ್ರೀಸು ಮಜ್ಜಿಗೆ ಬೆರೆಸಿದ ರಾಗಿ ಅಂಬಲಿಯ ಹಾಗೆ ಬಿಳಿಚಿಕೊಂಡು ತೆಳ್ಳಗಾಗಿತ್ತು. ಒರೆಸಿ ನೋಡಿದರೆ ಹೊರಬಳೆಯ ಕೆಳಭಾಗದಲ್ಲಿ ಐದು ಕಂದು ಚುಕ್ಕೆ, ಒಂದಕ್ಕೊಂದು ಸಮ ಅಂತರದಲ್ಲಿ. ಗುಂಡುಗಳ ನಡುವೆ ಇರುವ ಅಂತರವೇ ಅದು. ಗಾಡಿ ನಿಂತಿದ್ದಾಗ ಪ್ರತಿ ಗುಂಡಿನ ಬುಡದಲ್ಲೂ ನೀರು ಕೂತು ತುಕ್ಕು ಹಿಡಿಸಿದೆ. ಓಡುವಾಗ ಗುಂಡು ಆ ಚುಕ್ಕೆಗಳ ಮೇಲೆ ಹಾದಾಗೆಲ್ಲ ಕುಟ್ಟುತ್ತೆ. ಅಪ್ಪನ ವಿಮಾನ ಅದೇ.

ಬೇರಿಂಗು, ನಟ್ಟು, ಪ್ರೆಸ್ಸು, ಕೂಲಿ ಎಲ್ಲ ಸೇರಿ 3,100 ರೂಪಾಯಿ.

ನವೆಂಬರ್ 6

ಹೊಸ ಬೇರಿಂಗ್ ಹಾಕಿ 640 ಕಿ.ಮೀ. ಆಯಿತು, ಎಡಗಡೆ ನಿಶ್ಶಬ್ದ. ವಾಟರ್ ಸರ್ವಿಸ್‌ನ ಹುಡುಗನಿಗೆ ಹಬ್ ಹತ್ತಿರ ಪ್ರೆಷರ್ ಗನ್ ಹಿಡಿಯಬೇಡಪ್ಪಾ ಅಂದೆ, ವಿಚಿತ್ರವಾಗಿ ನೋಡಿದ. ಬಲ ಮುಂದಿನ ಚಕ್ರ ಎತ್ತಿ ಸ್ಪ್ರಿಂಗ್ ಮೇಲೆ ಬೆರಳಿಟ್ಟೆ. ಒಂದು ಸುತ್ತಿನಲ್ಲಿ ಒಂದು ಕಡೆ ಏನೋ ತಡೆದ ಹಾಗಿದೆ, ಡಿಸ್ಕಿಗೆ ಪ್ಯಾಡ್ ತಾಗುತ್ತಿರಲೂಬಹುದು. ಮುಂದಿನ ಭಾನುವಾರ ಕ್ಯಾಲಿಪರ್ ಬಿಚ್ಚಿಟ್ಟು ಮತ್ತೆ ತಿರುಗಿಸಿ ನೋಡಬೇಕು.