ಎಂಟು ರೂಪಾಯಿ

ಇವತ್ತು ಅತ್ತಿಗೆ ಚಕ್ಕುಲಿ ಘಟಕದ ಸಾಲಕ್ಕೆ ಬರೆದ ಪ್ರಾಜೆಕ್ಟ್ ರಿಪೋರ್ಟ್ ತಂದಿದ್ದರು.

ಪ್ಯಾಕೆಟ್ ಬೆಲೆ 50 ರೂಪಾಯಿ. ಹಿಟ್ಟು, ಎಣ್ಣೆ, ಗ್ಯಾಸ್, ಕವರ್ ಸೇರಿ 30. ಪ್ಯಾಕೆಟ್‌ಗೆ 20 ರೂಪಾಯಿ ಉಳಿಕೆ. ಬಾಡಿಗೆ, ಸಂಬಳ ತಿಂಗಳಿಗೆ 24,000. ಅಂದ್ರೆ 1,200 ಪ್ಯಾಕೆಟ್ ಮಾರಿದರೆ ಅಸಲು, ಲಾಭವೂ ಇಲ್ಲ ನಷ್ಟವೂ ಇಲ್ಲ. ಲೆಕ್ಕ ಸರಿಯಾಗಿಯೇ ಇತ್ತು.

"ಅತ್ತಿಗೆ, ಅಂಗಡಿಯವರು ನಿಮಗೆ ಎಷ್ಟು ಕೊಡ್ತಾರೆ?"

"42."

ಅಲ್ಲೇ ಪೆನ್ನು ನಿಂತಿತು. 50 ಗ್ರಾಹಕ ಕೊಡೋ ಬೆಲೆ, ಅತ್ತಿಗೆ ಕೈಗೆ ಬರೋದಲ್ಲ. ಉಳಿಕೆ 20 ಅಲ್ಲ, 12. ಬೆಲೆಯಲ್ಲಿ ಹೋಗಿದ್ದು ಎಂಟೇ ರೂಪಾಯಿ, ಆದರೆ ಅಸಲಿಗೆ ಈಗ 2,000 ಪ್ಯಾಕೆಟ್ ಬೇಕು.

ದಿನಕ್ಕೆ ಎಷ್ಟು ಆಗುತ್ತೆ ಅಂತ ಕೇಳಿದೆ. 60. ತಿಂಗಳಿಗೆ 26 ದಿನ ಅಂದರೂ 1,560. ಮಾಡಿದ್ದೆಲ್ಲ ಮಾರಿದರೂ ನಷ್ಟವೇ. ನನಗೆ ನಿಜಕ್ಕೂ ಸಂಕಟವಾಯಿತು.

ಮತ್ತೆ ಕೂತು ಲೆಕ್ಕ ಹಾಕಿದೆವು. 660 ಪ್ಯಾಕೆಟ್ ಮನೆಯಿಂದಲೇ ನೇರ ಮಾರಿ, ಉಳಿದ 900 ಅಂಗಡಿಗೆ ಕೊಟ್ಟರೆ ಉಳಿಕೆ ಸರಿಯಾಗಿ 24,000 ಬರುತ್ತೆ. ಒಂದು ಪ್ಯಾಕೆಟ್ ಪುಡಿಯಾಗಿ ವಾಪಸ್ ಬಂದರೂ ಸಾಲದು. ಸಾಲದ ಕಂತು ಇನ್ನೂ ಸೇರಿಸಿಲ್ಲ.

ಅತ್ತಿಗೆ ಈಗ ನೇರವಾಗಿ ಕೊಳ್ಳುವವರ ಹೆಸರು ಬರೀತಾ ಕೂತಿದ್ದಾರೆ. 31 ಮನೆ ಆಗಿದೆ.